ಅಕ್ಕನ ಅಂಗಡಿಯ ಬೋರ್ಡು

ಬಳ್ಳಾರಿಯಲ್ಲಿ ಅಕ್ಕ ಟೈಲರಿಂಗ್ ಅಂಗಡಿ ಹಾಕಿದಾಗ ಬೋರ್ಡಿನ ಬಣ್ಣ ಆರಿಸಿದ್ದು ಅವಳೇ. ಕೆಂಪು ಸೀರೆಗೆ ಹಸಿರು ಅಂಚು ಎಷ್ಟು ಚೆಂದ ಕಾಣುತ್ತದೋ ಬೋರ್ಡೂ ಹಾಗೇ ಇರಲಿ ಅಂತ ಅವಳ ಆಸೆ. ಕೆಂಪು ಬಣ್ಣದ ಮೇಲೆ ಹಸಿರು ಅಕ್ಷರದಲ್ಲಿ 'ಶ್ರೀ ಅನ್ನಪೂರ್ಣೇಶ್ವರಿ ಲೇಡೀಸ್ ಟೈಲರ್ಸ್' ಅಂತ ಬರೆಸಿದೆವು. ಹತ್ತಿರ ನಿಂತರೆ ನಿಜಕ್ಕೂ ಚೆಂದವಿತ್ತು. ಆದರೆ ಎದುರಿನ ಬಸ್ ಸ್ಟಾಪಿನಿಂದ ನೋಡಿದರೆ ಒಂದು ಕಂದು ಹಲಗೆ, ಅಷ್ಟೇ. ಸಂಜೆಯಾದರಂತೂ ಕೆಂಪು ಕಪ್ಪಿಗೆ ತಿರುಗಿ ಅಕ್ಷರಗಳೇ ಕಾಣುತ್ತಿರಲಿಲ್ಲ. ಬ್ಲೌಸ್ ಕೊಡಲು ಬಂದವರು ಅಂಗಡಿ ದಾಟಿ ಹೋಗಿ ಫೋನ್ ಮಾಡುತ್ತಿದ್ದರು.

ಮೂರು ತಿಂಗಳಾದ ಮೇಲೆ ಒಬ್ಬ ಹಿರಿಯ ಪೇಂಟರನ್ನು ಕರೆದುಕೊಂಡು ಬಂದೆ. ಅವರು ಬಸ್ ಸ್ಟಾಪಿನಲ್ಲಿ ನಿಂತು, "ನಿನ್ ಫೋನ್ನಾಗ ಒಂದು ಫೋಟೋ ತಗದು ಕಪ್ಪು ಬಿಳುಪು ಮಾಡಪ್ಪ" ಅಂದರು. ಮಾಡಿದೆ. ಬೋರ್ಡಿಡೀ ಒಂದೇ ಬೂದು ಬಣ್ಣ, ಅಕ್ಷರ ಮಾಯ. "ನೋಡಿದೇನು? ಬಣ್ಣ ಬ್ಯಾರೆ, ಆದ್ರ ಗಾಢ ಒಂದ. ದೂರದಿಂದ ಕಣ್ಣಿಗೆ ಬೇಕಾಗಿದ್ದು ತಿಳಿ ಮತ್ತು ಗಾಢದ ಅಂತರ. ನಮ್ ರೈಲ್ವೆ ಸ್ಟೇಷನ್ ಬೋರ್ಡ್ ನೋಡು, ಹಳದಿ ಮ್ಯಾಲೆ ಕಪ್ಪು. ಹಳೇ ಎಸ್‌ಟಿಡಿ ಬೂತ್ ನೆನಪೈತಿಲ್ಲ?"

ಹಳದಿ ಅಂದಾಗ ಅಕ್ಕ ಮುಖ ಸಿಂಡರಿಸಿದಳು. ನನಗೂ ಅನುಮಾನವಿತ್ತು. ಆದರೆ ನಮ್ಮ ಸಾಲಿನಲ್ಲಿ ಮೆಡಿಕಲ್, ಬೇಕರಿ, ಮೊಬೈಲ್ ಅಂಗಡಿ ಎಲ್ಲದರದೂ ಕೆಂಪು ಇಲ್ಲವೇ ನೀಲಿ ಫ್ಲೆಕ್ಸ್. ಅವುಗಳ ನಡುವೆ ಹಳದಿ ತಾನಾಗಿಯೇ ಬೇರೆಯಾಗಿ ಕಾಣುತ್ತದೆ ಅಂತ ಅವರು ಒಂದು ಹಳದಿ ತಗಡು ಹಿಡಿದು ತೋರಿಸಿದ ಮೇಲೆ ಒಪ್ಪಿದೆವು. ಕೆಂಪು ಬೇಕೇ ಬೇಕು ಅಂತ ಅಕ್ಕ ಹಠ ಹಿಡಿದಿದ್ದಕ್ಕೆ ಅಂಚಿಗೆ ಒಂದು ಸಣ್ಣ ಕೆಂಪು ಪಟ್ಟಿ ಬಂತು. ಬಿಸಿಲಿಗೆ ಮೊದಲು ಬೆಳ್ಳಗಾಗುವುದು ಕೆಂಪೇ, ಅಂಚು ಮಾಸಿದರೆ ಓದೋದಕ್ಕೇನೂ ತೊಂದರೆಯಿಲ್ಲ ಅಂದರು.

ಬಣ್ಣಕ್ಕಿಂತ ಜಾಸ್ತಿ ಜಗಳವಾಗಿದ್ದು ಅಕ್ಷರಕ್ಕೆ. ಅವರ ಲೆಕ್ಕ ಸರಳ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ಬಸ್ ಸ್ಟಾಪು ಸುಮಾರು ನೂರು ಅಡಿ, ಅಂದರೆ 10 ಇಂಚು. 'ಅನ್ನಪೂರ್ಣೇಶ್ವರಿ'ಯನ್ನು ಆ ಅಳತೆಗೆ ಬರೆದರೆ ಬೋರ್ಡೇ ಸಾಲದು. ಒತ್ತುಗಳಿಗೆ ಕೆಳಗೆ ಬೇರೆ ಜಾಗ ಬಿಡಬೇಕು, ಇಕ್ಕಟ್ಟಾದರೆ ಒತ್ತು ಮೊದಲು ಕಲಸಿ ಹೋಗುತ್ತದೆ. ಹಳೇ ಬೋರ್ಡಿನಲ್ಲಿ ಆಗಿದ್ದೂ ಅದೇ. ದೇವರ ಹೆಸರು ಚಿಕ್ಕದು ಮಾಡೋದಾ ಅಂತ ಅಕ್ಕ ಎರಡು ದಿನ ಮಾತಾಡಲಿಲ್ಲ. ಕೊನೆಗೆ ಅಮ್ಮನೇ, "ದೇವಿ ಮ್ಯಾಲೆ ಇರ್ಲಿ, ಕೆಲಸ ದೊಡ್ಡದಾಗಿ ಕಾಣ್ಲಿ" ಅಂದಳು. ಹೆಸರು ಮೇಲಿನ ಸಾಲಿಗೆ ಹೋಯಿತು. ನಡುವೆ 10 ಇಂಚಿನ ದಪ್ಪ ಕಪ್ಪು ಅಕ್ಷರದಲ್ಲಿ 'ಟೈಲರ್' ಒಂದೇ ಪದ ಬಂತು. 'ಟೈಲರ್ಸ್' ಬೇಡ ಅಂದಿದ್ದೂ ಪೇಂಟರೇ, ಅಲ್ಲೊಂದು ಅರ್ಕಾವೊತ್ತು ಕಡಿಮೆಯಾಯಿತು.

ಬಣ್ಣ ಒಣಗಿದ ದಿನ ಸಂಜೆ ಆರೂವರೆಗೆ ಅಕ್ಕ ಬಸ್ ಸ್ಟಾಪಿಗೆ ಹೋಗಿ ನಿಂತಳು. ಅಲ್ಲಿಂದಲೇ ನನಗೆ ಫೋನ್ ಮಾಡಿ, "ಓದಾಕ ಬರ್ತೈತೋ" ಅಂದಳು.

ಹಳದಿಗೆ ಒಂದು ಕಷ್ಟವಿದೆ, ಧೂಳು ಎದ್ದು ಕಾಣುತ್ತದೆ. ಪ್ರತಿ ಸೋಮವಾರ ಅಕ್ಕ ಸ್ಟೂಲ್ ಹತ್ತಿ ಒದ್ದೆ ಬಟ್ಟೆಯಲ್ಲಿ ಬೋರ್ಡು ಒರೆಸುತ್ತಾಳೆ. ಹಿಂಡಿದರೆ ಬಕೆಟ್ಟಿನ ನೀರು ಕೆಂಪಗಾಗುತ್ತದೆ.