30 ಸೆಕೆಂಡಿನ ಆಡ್‌ಗೆ ಒಂದೇ ವಾಕ್ಯದ ಬ್ರೀಫ್, ಅದರಲ್ಲಿ ಕ್ರಿಯಾಪದ ಯಾರದ್ದು?

ಮಡಿಕೇರಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ಆಡ್‌ಗಳಿಗೆ ಸ್ಕ್ರಿಪ್ಟ್ ಬರೆಯೋದು ನನ್ನ ಕೆಲಸ. ಬ್ರೀಫ್ ಅಂದ್ರೆ ಸ್ಕ್ರಿಪ್ಟಿಗೂ ಮೊದಲು, ಈ ಆಡ್‌ನಿಂದ ಏನಾಗಬೇಕು ಅಂತ ಬರೆದಿಟ್ಕೊಳ್ಳೋ ಟಿಪ್ಪಣಿ. ಹೋಮ್‌ಸ್ಟೇ, ಜೇನು, ಕಾಫಿ ಪುಡಿ, ಜವಳಿ ಅಂಗಡಿ, ಇಂಥವೇ ಜಾಸ್ತಿ, ಲೋಕಲ್ ಕೇಬಲ್‌ನಲ್ಲಿ ಬರೋದು, ಥಿಯೇಟರ್ ಇಂಟರ್ವಲ್‌ನಲ್ಲಿ ಹಾಕೋದು, ಆಮೇಲೆ ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತೋದು. ಹೆಚ್ಚಿನವು 30 ಸೆಕೆಂಡ್. ಈ 30 ಸೆಕೆಂಡ್ ಅನ್ನೋದು ಕೇಳೋಕೆ ಉದ್ದ, ಬರೆಯೋಕೆ ಕೂತ್ರೆ ಎಷ್ಟು ಗಿಡ್ಡ ಅಂತ ಗೊತ್ತಾಗುತ್ತೆ. ಕೊನೆಯ 4 ಸೆಕೆಂಡ್ ಪ್ಯಾಕ್ ಶಾಟ್‌ಗೆ, ಅಂದ್ರೆ ಪ್ಯಾಕೆಟ್ಟು, ಹೆಸರು, ಫೋನ್ ನಂಬರ್‌ಗೆ ಹೋಗುತ್ತೆ. ಶುರುವಿನ 2 ಸೆಕೆಂಡ್ ನೋಡೋರು ಇದೇನು ಅಂತ ಕಣ್ಣು ಹೊಂದಿಸ್ಕೊಳ್ಳೋದಕ್ಕೆ ಬೇಕು. ಉಳಿದದ್ದು 24. ನಾನು ಸ್ಟಾಪ್‌ವಾಚ್ ಇಟ್ಕೊಂಡು ಜೋರಾಗಿ ಓದಿ ನೋಡೋದು ರೂಢಿ, ಕನ್ನಡದಲ್ಲಿ ಪದಗಳೇ ಉದ್ದ ಇರೋದ್ರಿಂದ ಆರಾಮಾಗಿ ಉಸಿರು ಬಿಟ್ಟು ಹೇಳಿದ್ರೆ ಆ 24 ಸೆಕೆಂಡಿಗೆ ಹೆಚ್ಚು ಅಂದ್ರೆ 40-45 ಪದ ಹಿಡಿಯುತ್ತೆ, ಅಷ್ಟೇ.

ಗೋಣಿಕೊಪ್ಪದ ಕಡೆಯ ಒಂದು ಕಾಫಿ ಪುಡಿಯವರ ಕೆಲಸದಲ್ಲಿ ಇದು ನನಗೆ ಸರಿಯಾಗಿ ಅರ್ಥ ಆಯ್ತು. ಸ್ವಂತ ತೋಟ, ಮನೆ ಹಿಂದೆಯೇ ಹುರಿಯೋ ಡ್ರಮ್ಮು, ಪಕ್ಕದಲ್ಲೇ ಪುಡಿ ಮಾಡೋ ಮಿಲ್ಲು. ಅಪ್ಪ ಮಗ ಇಬ್ರೂ ಒಳ್ಳೆ ಜನ. ಮೊದಲ ಆಡ್ ಮಾಡುವಾಗ ಅವರು ಹೇಳಿದ್ದನ್ನೆಲ್ಲ ನಾನು ಬರ್ಕೊಂಡೆ. ಮೂರು ತಲೆಮಾರಿನ ತೋಟ, ಮರದ ನೆರಳಲ್ಲಿ ಬೆಳೆದದ್ದು, ಸೌದೆ ಬೆಂಕಿಯಲ್ಲಿ ಹುರಿದದ್ದು, ಚಿಕೋರಿ ಇಲ್ಲ, ತಾಜಾ, ಮನೆಗೇ ಕಳಿಸ್ತೀವಿ, ಗಿಫ್ಟ್ ಪ್ಯಾಕೂ ಇದೆ. ಎಲ್ಲಾ ನಿಜ, ಒಂದನ್ನೂ ಬಿಡೋಕೆ ಮನಸ್ಸಾಗಲಿಲ್ಲ. ಮೇಲಿಂದ ಡ್ರೋನ್ ಶಾಟ್, ಮಂಜು, ಕೊಡವರ ಉಡುಪು ಕುಪ್ಯ ಹಾಕಿ ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸ್ಕೊಂಡಿದ್ದ ತಾತನ ಫೋಟೋ, ಕಣದಲ್ಲಿ ಕಾಫಿ ಕೆದಕೋ ಕೈ, ಹೊಗೆ, ಲೋಟ, ನಗೋ ಕುಟುಂಬ. ನೋಡೋಕೆ ಚೆನ್ನಾಗೇ ಬಂತು, ಅವರಿಗೂ ಖುಷಿ ಆಯ್ತು.

ಆಮೇಲೆ ನಮ್ಮ ಸ್ಟುಡಿಯೋ ಕೆಳಗಿನ ಪ್ರಿಂಟಿಂಗ್ ಪ್ರೆಸ್‌ನವರಿಗೆ, ಪಕ್ಕದ ಬೇಕರಿಯವರಿಗೆ ಫೋನ್‌ನಲ್ಲೇ ತೋರಿಸಿದೆ. ಒಂದೇ ಸಲ ತೋರಿಸಿ, ಫೋನ್ ಜೇಬಿಗೆ ಹಾಕಿ, ಬೇರೆ ಏನೋ ಮಾತಾಡಿ, ಐದು ನಿಮಿಷ ಬಿಟ್ಟು ಕೇಳ್ದೆ, ಅದೇನು ಹೇಳ್ತು ಅಂತ. ಒಬ್ರು ಹೋಮ್‌ಸ್ಟೇ ಆಡ್ ಅಂದ್ರು. ಒಬ್ರಿಗೆ ತಾತ ನೆನಪಿದ್ರು, ಏನು ಮಾರ್ತಿದ್ರು ಅಂತ ನೆನಪಿಲ್ಲ. ಬೇಕರಿ ಅಕ್ಕ ಮಾತ್ರ ಕಾಫಿ ಅಂದ್ರು, ಯಾವ ಕಾಫಿ ಅಂದ್ರೆ "ಅದೇ ಕೂರ್ಗ್ ಕಾಫಿ ಅಲ್ವ" ಅಂದ್ರು. ಏಳು ವಿಷಯ ಹೇಳಿದ್ವಿ, ಒಂದೂ ನಿಲ್ಲಲಿಲ್ಲ. ಒಳ್ಳೆ ಜನ ನಂಬಿ ಕೊಟ್ಟ ದುಡ್ಡಲ್ವ, ತುಂಬ ಬೇಜಾರಾಯ್ತು.

ಎರಡನೇ ಆಡ್‌ಗೆ ನಾನು ಸ್ಕ್ರಿಪ್ಟ್ ಮುಟ್ಟೋ ಮೊದಲು ಬ್ರೀಫ್ ಅನ್ನು ಒಂದೇ ವಾಕ್ಯದಲ್ಲಿ ಬರೀಬೇಕು ಅಂತ ಕೂತೆ. ಒಂದೇ ವಾಕ್ಯದ ಬ್ರೀಫ್ ಅನ್ನೋದು ಈ ಲೈನಿನಲ್ಲಿ ಹೊಸದೇನಲ್ಲ, ಎಲ್ರೂ ಹೇಳ್ತಾರೆ. ಆದ್ರೆ ಕನ್ನಡದಲ್ಲಿ ಬರೆಯೋಕೆ ಹೋದಾಗ ಒಂದು ವಿಷಯ ಗಮನಕ್ಕೆ ಬಂತು, ಅದನ್ನ ಹೇಳೋಕೇ ಇದನ್ನ ಬರೀತಿರೋದು. ನನ್ನ ಮೊದಲ ವಾಕ್ಯ ಹೀಗಿತ್ತು:

"ಮೂರು ತಲೆಮಾರಿನಿಂದ ಸ್ವಂತ ತೋಟದ ನೆರಳಲ್ಲಿ ಬೆಳೆದು, ಸೌದೆ ಬೆಂಕಿಯಲ್ಲಿ ಹುರಿದು, ಚಿಕೋರಿ ಸೇರಿಸದೆ ಪುಡಿ ಮಾಡಿ, ತಾಜಾ ಇರುವಾಗಲೇ ಮನೆ ಬಾಗಿಲಿಗೆ ತಲುಪಿಸುವ ಅಪ್ಪಟ ಕೊಡಗಿನ ಕಾಫಿ."

ಪೂರ್ಣವಿರಾಮ ಒಂದೇ ಇದೆ, ಆದ್ರೆ ಒಳಗೆ ಹಳೇ ಆಡ್ ಪೂರ್ತಿ ಕೂತಿದೆ! ನಮ್ಮ ಭಾಷೆಯಲ್ಲಿ ಬೆಳೆದು, ಹುರಿದು, ಮಾಡಿ, ಕಳಿಸಿ ಅಂತ ಪೋಣಿಸ್ತಾ ಹೋದ್ರೆ ಒಂದು ವಾಕ್ಯ ಮಡಿಕೇರಿಯಿಂದ ಕುಶಾಲನಗರದವರೆಗೂ ಹೋಗುತ್ತೆ. "ಮತ್ತು" ಬರಬಾರದು ಅಂತ ರೂಲ್ ಹಾಕ್ಕೊಂಡ್ರೂ ಸಾಲಲ್ಲ, ಯಾಕಂದ್ರೆ ಅದು "ಶುದ್ಧವೂ ರುಚಿಯೂ" ಅಂತ ಬಾಲದಲ್ಲಿ ಸೇರ್ಕೊಂಡು ಬರುತ್ತೆ. ಇನ್ನೊಂದು, ಮೇಲಿನ ವಾಕ್ಯ ಇನ್ನೊಂದ್ ಸಲ ಓದಿ, ಅದರಲ್ಲಿ ಮುಗಿಸೋ ಕ್ರಿಯಾಪದವೇ ಇಲ್ಲ. ಕಾಫಿ ಅಂತ ನಿಂತುಬಿಡುತ್ತೆ. ಯಾರು ಏನು ಮಾಡಬೇಕು ಅಂತ ಹೇಳೋದೇ ಇಲ್ಲ, ಬರೀ ಹೊಗಳಿಕೆ.

ಹಾಗಾಗಿ ನಾನು ರೂಲ್ ಬದಲಾಯಿಸ್ಕೊಂಡೆ. ವಾಕ್ಯ ಒಂದೇ ಇರಬೇಕು ಅನ್ನೋದಲ್ಲ, ಮುಖ್ಯ ಕ್ರಿಯಾಪದ ಒಂದೇ ಇರಬೇಕು, ಆ ಕ್ರಿಯೆ ಮಾಡೋರು ಆಡ್ ನೋಡೋರಾಗಿರಬೇಕು, ಪುಡಿ ಮಾರೋರಲ್ಲ. ಬೆಳೆಯೋದು, ಹುರಿಯೋದು, ಕಳಿಸೋದು ಎಲ್ಲ ಮಾಲೀಕರ ಕೆಲಸ, ನೋಡೋರದ್ದಲ್ಲ. ಎರಡನೇ ವಾಕ್ಯ ಬರೆದೆ: "ತಾಜಾ ಕಾಫಿಯ ಮಹತ್ವ ಜನರಿಗೆ ಗೊತ್ತಾಗಬೇಕು." ಕ್ರಿಯಾಪದ ಒಂದೇ, ಜನರದ್ದೇ. ಆದ್ರೆ "ಗೊತ್ತಾಗೋದು" ಅನ್ನೋದನ್ನ ಕ್ಯಾಮೆರಾ ಎಲ್ಲಿಟ್ಟು ತೆಗೀಲಿ? ಇಂಥ ವಾಕ್ಯ ಇಟ್ಕೊಂಡು ಹೋದ್ರೆ ಶೂಟ್ ದಿನ ಮತ್ತೆ ಮಂಜಿನ ಹಿಂದೆ ಓಡ್ತೀವಿ. ಕೈಯಲ್ಲೋ ಕಣ್ಣಲ್ಲೋ ಕಾಲಲ್ಲೋ ಮಾಡೋ ಕೆಲಸ ಆಗಿರಬೇಕು.

ಅಂಥ ಕ್ರಿಯಾಪದ ಮೇಜಿನ ಮುಂದೆ ಕೂತ್ರೆ ಸಿಗಲ್ಲ ಅಂತ ಅವರ ಮಿಲ್ಲಿಗೆ ಹೋದೆ. ಮಗ ಪ್ಯಾಕ್ ಮಾಡ್ತಿದ್ರು. ಪ್ರತಿ ಪ್ಯಾಕೆಟ್ ಸೀಲ್ ಆದ ಮೇಲೆ ಹಿಂದುಗಡೆ ಒಂದು ರಬ್ಬರ್ ಸ್ಟಾಂಪ್ ಒತ್ತಿ ಪಕ್ಕಕ್ಕಿಡ್ತಿದ್ರು, ನೀಲಿ ಇಂಕು, ಸ್ವಲ್ಪ ಸೊಟ್ಟ. ಇದೇನಣ್ಣ ಅಂದೆ. "ಹುರಿದ ದಿನ. ಪ್ಯಾಕ್ ಮಾಡಿದ ತಾರೀಖು ಹೇಗೂ ಹಾಕ್ಲೇಬೇಕಲ್ಲ, ಇದು ಬೇರೆ. ಅಪ್ಪ ಮೊದಲಿಂದ್ಲೂ ಹಾಕ್ತಿದ್ರು, ನಾನೂ ಹಾಕ್ತೀನಿ" ಅಂದ್ರು. ಮೊದಲನೇ ಆಡ್ ಟೈಮಲ್ಲಿ ಇದನ್ನ ಅವರು ಹೇಳೇ ಇರಲಿಲ್ಲ, ಅವರಿಗೆ ಅದು ಹೇಳೋ ವಿಷಯ ಅಂತಾನೇ ಅನ್ನಿಸಿರಲಿಲ್ಲ. ಹುರಿದ ಕಾಫಿಯ ಘಮ ದಿನ ಹೋದ ಹಾಗೆ ಇಳೀತಾ ಹೋಗುತ್ತೆ, ಪುಡಿ ಮಾಡಿದ್ಮೇಲಂತೂ ಇನ್ನೂ ಬೇಗ. ಹುರಿದು ಎಷ್ಟೋ ದಿನ ಇಟ್ಟು ಆಮೇಲೆ ಪ್ಯಾಕ್ ಮಾಡಿದ್ರೂ ಪ್ಯಾಕಿಂಗ್ ತಾರೀಖು ಹೊಸದಾಗೇ ಕಾಣುತ್ತೆ. ಅಂದ್ರೆ ಈ ಸ್ಟಾಂಪ್ ನಿಜವಾಗ್ಲೂ ಒಂದು ವಿಷಯ ಹೇಳ್ತಿದೆ.

ವಾಪಸ್ ಬರ್ತಾ ಬಸ್ಸಲ್ಲೇ ಬರೆದೆ:

"ಕಾಫಿ ಪುಡಿಯನ್ನ ಬೆಲೆ ನೋಡಿ ತಗೊಳ್ಳೋರು ಪ್ಯಾಕೆಟ್ ತಿರುಗಿಸಿ ಹುರಿದ ದಿನ ಹುಡುಕಬೇಕು, ಯಾಕಂದ್ರೆ ನಮ್ಮ ಪ್ಯಾಕೆಟ್ ಮೇಲೆ ಅದು ಇದೆ."

ಯಾರು, ಈಗ ಏನು ಮಾಡ್ತಾರೆ, ಆಮೇಲೆ ಏನು ಮಾಡಬೇಕು, ಯಾಕೆ ನಂಬಬೇಕು, ನಾಲ್ಕೂ ಇದೆ. ಮುಖ್ಯ ಕ್ರಿಯೆ ಹುಡುಕೋದು, "ತಿರುಗಿಸಿ" ಅನ್ನೋದು ಅದೇ ಕೈಯ ಅದೇ ಕೆಲಸ. ಮೊದಲು "ನಮ್ಮ ಪ್ಯಾಕೆಟ್ ಮೇಲೆ ಮಾತ್ರ" ಅಂತ ಬರೆದಿದ್ದೆ. ಆ "ಮಾತ್ರ" ತೆಗೆದೆ. ಬೇರೆ ಯಾರೂ ಹಾಕಲ್ಲ ಅಂತ ನಮ್ಮ ಹತ್ರ ಏನು ಪ್ರೂಫ್ ಇದೆ? ಆಡ್‌ನಲ್ಲಿ ಹೇಳೋ ಮಾತಿಗೆ ಆಧಾರ ಇರಬೇಕು ಅನ್ನೋದು ಜಾಹೀರಾತು ಮಾನದಂಡ ಮಂಡಳಿಯ ನಿಯಮದಲ್ಲೇ ಇದೆ, ಸಣ್ಣ ಊರಿನ ಆಡ್ ಅಂತ ಬೇರೆ ರೂಲ್ ಇಲ್ಲ. ಬ್ರೀಫ್‌ನಲ್ಲೇ ಈ ಪದ ಉಳಿದಿದ್ರೆ ಖಂಡಿತ ಸ್ಕ್ರಿಪ್ಟಿಗೆ ನುಗ್ತಿತ್ತು.

ಇದನ್ನ ಅಪ್ಪ ಮಗ ಇಬ್ಬರಿಗೂ ವಾಟ್ಸಾಪ್ ಮಾಡಿ, ಓಕೆ ಅಂತ ಬರೋವರೆಗೆ ಸ್ಕ್ರಿಪ್ಟ್ ಶುರು ಮಾಡಲಿಲ್ಲ. ದೊಡ್ಡವರು ಫೋನ್ ಮಾಡಿದ್ರು. "ತೋಟ ತೋರ್ಸಲ್ವೇನಪ್ಪ? ನಮ್ಮ ತಂದೆ?" ಅಂದ್ರು. ದನಿಯಲ್ಲಿ ನೋವಿತ್ತು, ಅದು ನ್ಯಾಯವಾದದ್ದೇ, ಆ ತೋಟಕ್ಕೆ ಬೆವರು ಸುರಿಸಿದೋರು ಅವರು. ಬಿಟ್ಟ ಆರೂ ವಿಷಯನ ಇನ್ನೊಂದು ಹಾಳೆಯಲ್ಲಿ ಬರೆದು ತೋರಿಸ್ದೆ, ತಾತನ ಫೋಟೋ ಪ್ಯಾಕೆಟ್ ಮುಂದೆ ಬರ್ಲಿ, ಮನೆಗೆ ಕಳಿಸೋದು ಅಂಗಡಿ ಬೋರ್ಡಲ್ಲಿ ಬರ್ಲಿ, ಚಿಕೋರಿ ವಿಷಯಕ್ಕೆ ಬೇರೇನೇ ಆಡ್ ಬೇಕು ಅಂತ. ಆ ಹಾಳೆ ಇಲ್ದೆ ಹೋಗಿದ್ರೆ ಅವರು ಒಪ್ತಿರಲಿಲ್ಲ ಅಂತ ನನಗೆ ಅನ್ಸುತ್ತೆ. ಬಿಡೋದು ಅಂದ್ರೆ ಎಸೆಯೋದಲ್ಲ ಅಂತ ಕಣ್ಣಿಗೆ ಕಾಣಬೇಕು.

ಸ್ಕ್ರಿಪ್ಟ್ ಒಂದೇ ಸಂಜೆಗೆ ಮುಗೀತು. ದಿನಸಿ ಅಂಗಡಿ. ಅಂಗಡಿಯವರು ಪ್ಯಾಕೆಟ್ ಕೊಡ್ತಾರೆ, ಅಜ್ಜಿ ಕನ್ನಡಕ ಏರಿಸಿ ತಿರುಗಿಸಿ ಹುಡುಕ್ತಾರೆ. "ರೇಟು ಮುಂದ್ಗಡೇನೇ ಇದೆ ಅಜ್ಜಿ." "ರೇಟಲ್ಲ ಮಗ, ಯಾವತ್ತು ಹುರಿದದ್ದು?" ಅಂಗಡಿಯವರೂ ಇನ್ನೊಂದು ಪ್ಯಾಕೆಟ್ ತಿರುಗಿಸ್ತಾರೆ, ಇನ್ನೊಂದು, ಹಿಂದೆ ನಿಂತಿದ್ದ ಗಿರಾಕಿಗಳೂ ಶುರು ಮಾಡ್ತಾರೆ. ಕೊನೆಗೆ ನೀಲಿ ಸ್ಟಾಂಪ್ ಕ್ಲೋಸಪ್ಪು, ಅಜ್ಜಿ ಬೆರಳು ಅದರ ಮೇಲೆ. ವಾಯ್ಸ್ ಓವರ್: "ಯಾವತ್ತು ಹುರಿದದ್ದು ಅಂತ ನೋಡಿ ತಗೊಳ್ಳಿ." ಮಾತು ಎಲ್ಲಾ ಸೇರಿ 20 ಪದವೂ ಇಲ್ಲ, ಹಾಗಾಗಿ ಪ್ಯಾಕೆಟ್ ಸರಿಯೋ ಸದ್ದಿಗೂ ಜಾಗ ಸಿಕ್ತು.

ಶೂಟ್ ದಿನ ಒಳ್ಳೆ ಬಿಸಿಲು ಬಿದ್ದಿತ್ತು, ಕ್ಯಾಮೆರಾದವರು ಹತ್ತು ನಿಮಿಷ ತೋಟದ ಶಾಟ್ ತೆಗೆಯೋಣ ಅಂದ್ರು. ವಾಕ್ಯನ ಪ್ರಿಂಟ್ ಹಾಕಿ ಮಾನಿಟರ್‌ಗೆ ಅಂಟಿಸಿದ್ದೆ. ಈ ಶಾಟ್‌ನಲ್ಲಿ ಯಾರು ಹುಡುಕ್ತಿದ್ದಾರೆ ಅಂತ ಕೇಳ್ದೆ. ಅವರೇ ಓದ್ಕೊಂಡು ಸುಮ್ನಾದ್ರು. ಚೆನ್ನಾಗಿದೆಯಾ ಇಲ್ವಾ ಅಂತ ವಾದಕ್ಕೆ ಇಳಿದ್ರೆ ಯಾವ ಶಾಟನ್ನೂ ಬಿಡೋಕಾಗಲ್ಲ, ಯಾಕಂದ್ರೆ ಕೊಡಗಲ್ಲಿ ಕ್ಯಾಮೆರಾ ಯಾವ ಕಡೆ ತಿರುಗಿಸಿದ್ರೂ ಚೆನ್ನಾಗೇ ಇರುತ್ತೆ.

ಆದ್ರೆ ಇನ್ನೊಂದು ತೊಂದರೆ ಮಾತ್ರ ನಾನು ಯೋಚಿಸಿರಲಿಲ್ಲ. ಜನಕ್ಕೆ ತಿರುಗಿಸಿ ನೋಡಿ ಅಂತ ಹೇಳಿದ್ಮೇಲೆ ಅವರು ನೋಡೇ ನೋಡ್ತಾರೆ. ಸಿದ್ದಾಪುರದ ಒಂದು ಅಂಗಡಿಯಲ್ಲಿ ಇವರದ್ದೇ ಪ್ಯಾಕೆಟ್ ಎರಡು ತಿಂಗಳ ಹಳೇ ಸ್ಟಾಂಪ್ ಇಟ್ಕೊಂಡು ಕೂತಿತ್ತು. ಆಡ್ ರೆಡಿ ಇದ್ರೂ ಹಳೇ ಸ್ಟಾಕ್ ಎಲ್ಲ ವಾಪಸ್ ತಗೊಳ್ಳೋವರೆಗೆ ನಿಲ್ಲಿಸಿದ್ವಿ. ಏಳು ವಿಷಯದ ಆಡ್ ಆಗಿದ್ರೆ ಯಾರೂ ಚೆಕ್ ಮಾಡ್ತಿರಲಿಲ್ಲ, ಒಂದೇ ಮಾತು ಹೇಳಿದಾಗ ಆ ಮಾತು ಅಂಗಡಿ ಕಪಾಟಿನಲ್ಲೂ ನಿಜ ಆಗಿರಬೇಕಾಗುತ್ತೆ. ಈಗ ಬ್ರೀಫ್ ಓಕೆ ಆದ ತಕ್ಷಣ ಎರಡು ಮೂರು ಅಂಗಡಿಗೆ ಹೋಗಿ ನೋಡಿ ಬರ್ತೀನಿ.

ಎಲ್ಲಾದಕ್ಕೂ ಇದು ಬೇಕಾಗಲ್ಲ. ಜವಳಿ ಅಂಗಡಿಯ ದಸರಾ ಡಿಸ್ಕೌಂಟ್ ಅಂದ್ರೆ ಎಲ್ಲಿ, ಯಾವತ್ತಿನವರೆಗೆ, ಎಷ್ಟು ಅಂತ ಹೇಳಿದ್ರೆ ಸಾಕು, ಅದು ಪ್ರಕಟಣೆ.

ಎರಡನೇ ಆಡನ್ನೂ ಪ್ರೆಸ್‌ನವರಿಗೆ, ಬೇಕರಿಯವರಿಗೆ ಅದೇ ಥರ ತೋರಿಸಿ ಐದು ನಿಮಿಷ ಬಿಟ್ಟು ಕೇಳ್ದೆ. ಬೇಕರಿ ಅಕ್ಕ ಉತ್ತರ ಕೊಡೋ ಮೊದಲು ಶೆಲ್ಫಿಂದ ಕಾಫಿ ಪುಡಿ ಪ್ಯಾಕೆಟ್ ತೆಗೆದು ತಿರುಗಿಸಿದ್ರು.

ಈಗ ಆ ಹಾಳೆಯಿಂದ ಚಿಕೋರಿ ವಿಷಯ ತಗೊಂಡಿದ್ದೀವಿ. ಚಿಕೋರಿ ಹಾಕಿದ ಪುಡಿಯ ಡಿಕಾಕ್ಷನ್ ಕಪ್ಪಗೆ ಗಟ್ಟಿಯಾಗಿ ಇಳಿಯುತ್ತೆ, ಅದಕ್ಕೆ ಒಗ್ಗಿದೋರಿಗೆ ಬರೀ ಕಾಫಿ ನೀರಾಯ್ತು ಅನ್ಸುತ್ತೆ, ಅಲ್ಲೇ ಏನೋ ಇದೆ. ನಾಲ್ಕು ದಿನದಿಂದ ಬರೀತಿದ್ದೀನಿ, "ನಾವು ಚಿಕೋರಿ ಸೇರಿಸಲ್ಲ" ಅಂತಾನೇ ಬರ್ತಿದೆ, ಕ್ರಿಯಾಪದ ಇನ್ನೂ ಮಾಲೀಕರದ್ದೇ. ನಾಳೆ ಬೆಳಿಗ್ಗೆ ಯಾರದ್ದಾದ್ರೂ ಅಡುಗೆಮನೆಯಲ್ಲಿ ಫಿಲ್ಟರ್ ಪಕ್ಕ ನಿಂತು ನೋಡ್ಬೇಕು.