ಬಿಸಿಗೆ ಅಂಟಿದ್ದು ಬಿಸಿಗೇ ಬಿಡುತ್ತದೆ

"ಬಿಸಿ ಕೊಟ್ಟೇ ಅಂಟಿಸುವುದಮ್ಮ, ಬಿಸಿ ಕೊಟ್ಟೇ ಕೀಳುವುದು." ಶೂ ರಿಪೇರಿ ಮಾಡುವ ಹಿರಿಯರು ಹೇಳಿದ ಈ ಮಾತು ವಾರವಿಡೀ ನನ್ನ ತಲೆಯಲ್ಲಿ ಸುತ್ತುತ್ತಿದೆ.

ಅಣ್ಣನ ಮಗಳ ಓಟದ ಶೂ ಕೆಸರಾಗಿತ್ತು. ಅತ್ತಿಗೆ ಅದನ್ನು ವಾಷಿಂಗ್ ಮಷೀನ್‌ಗೆ ಹಾಕಿ, 60 ಡಿಗ್ರಿಯಲ್ಲಿ ಒಗೆದು, ಡ್ರೈಯರ್‌ನಲ್ಲಿ ಒಣಗಿಸಿದ್ದರು. ಹೊರಬಂದಾಗ ಬೆರಳಿನ ತುದಿಯಲ್ಲಿ ಸೋಲ್ ಬಾಯಿ ಬಿಟ್ಟಿತ್ತು. ಅಣ್ಣ ಅತ್ತಿಗೆಯ ಮೇಲೆ ರೇಗಿದ. ಬಟ್ಟೆಯ ರಾಶಿಯನ್ನು ಎಂದೂ ಮುಟ್ಟದವನಿಗೆ ಆ ಹಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ.

ರಿಪೇರಿಗೆ ಒಯ್ದಾಗ ಹಿರಿಯರು ಸೋಲ್ ಬಿಟ್ಟಿದ್ದ ಜಾಗಕ್ಕೆ ಹೀಟ್ ಗನ್‌ನಿಂದ ಬಿಸಿಗಾಳಿ ಹಿಡಿದರು. ಗಟ್ಟಿಯಾಗಿ ಕೂತಿದ್ದ ಉಳಿದ ಭಾಗವೂ ನಿಧಾನವಾಗಿ ಸಡಿಲವಾಯಿತು. ಆ ಮಾತು ಬಂದದ್ದು ಆಗಲೇ. ಕಾರ್ಖಾನೆಯಲ್ಲಿ ಇಂಥ ಶೂಗಳ ಸೋಲ್‌ಗೆ ಹಚ್ಚುವುದು ಹೆಚ್ಚಾಗಿ ಪಾಲಿಯುರಿಥೇನ್ ಅಂಟು. ಒಣಗಿದ ಅಂಟಿನ ಪದರವನ್ನು 60 ಡಿಗ್ರಿಯ ಆಸುಪಾಸಿನಲ್ಲಿ ಬಿಸಿ ಮಾಡಿ ಮೆತ್ತಗಾಗಿಸಿ, ಎರಡು ಭಾಗಗಳನ್ನು ಒತ್ತಿ ಕೂರಿಸುತ್ತಾರೆ. ಒಗೆಯುವ ನೀರು ಅಷ್ಟೇ ಬಿಸಿಯಾದರೆ ಹಿಡಿತ ಸಡಿಲವಾಗುವುದರಲ್ಲಿ ಆಶ್ಚರ್ಯವೇನಿದೆ? ಮೇಲಿಂದ ಡ್ರಮ್‌ನ ಹೊಡೆತ. ಸೋಪಿನ ನೀರು ಬರಿಯ ನೀರಿಗಿಂತ ಸುಲಭವಾಗಿ ಸಂದಿಗೆ ನುಗ್ಗುತ್ತದೆ. ಪುಡಿಯ ಕ್ಷಾರ ಸರಿಯಾಗಿ ತೊಳೆದು ಹೋಗದೆ ಒಳಗೆ ಉಳಿದರೆ, ತೇವ ಸಿಕ್ಕಾಗಲೆಲ್ಲ ಅಂಟನ್ನು ತಿನ್ನುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಫೋಮ್. ಹಿರಿಯರು ಸೋಲ್ ಅನ್ನು ಮತ್ತೆ ಅದೇ ಜಾಗಕ್ಕೆ ಹಿಡಿದು ತೋರಿಸಿದರು: ರಬ್ಬರಿನ ಅಂಚು ತುದಿಯಲ್ಲಿ ಅಕ್ಕಿಕಾಳಿನಷ್ಟು ಹೊರಚಾಚಿತ್ತು. ಮಧ್ಯದ ಬಿಳಿ ಪದರ ಇವಿಎ ಫೋಮ್, ಅಂದರೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳ ರಾಶಿ. ಡ್ರೈಯರ್‌ನ ಬಿಸಿಗೆ ಕೋಶಗಳ ಗೋಡೆ ಮೆತ್ತಗಾಗಿ, ಆರುವಾಗ ಕುಗ್ಗುತ್ತದೆ. ಕೆಳಗಿನ ರಬ್ಬರ್ ಅಷ್ಟು ಕುಗ್ಗುವುದಿಲ್ಲ. ಹೀಗೆ ಎರಡೂ ಪದರಗಳು ನಡುವಿನ ಅಂಟನ್ನು ಎಳೆದಾಡಿ ಹರಿದುಹಾಕುತ್ತವೆ. ಫೋಮಿನ ಬದಿಯಲ್ಲಿ ಸಣ್ಣ ಸುಕ್ಕುಗಳಿದ್ದವು, ಶೂ ನೆಲದ ಮೇಲೆ ಸಮವಾಗಿ ಕೂರುತ್ತಿರಲಿಲ್ಲ. ಬಿಸಿ ತಿಂದ ಫೋಮಿನ ಗುರುತು ಇವೇ.

ಹಾಗಾದರೆ ಮಷೀನ್‌ಗೆ ಹಾಕಲೇಬಾರದೇ? ತಯಾರಕರಲ್ಲಿ ಹೆಚ್ಚಿನವರು ಬೇಡವೆನ್ನುತ್ತಾರೆ, ಕೆಲವರು ಬಟ್ಟೆಯ ಮೇಲ್ಭಾಗವಿರುವ ಮಾದರಿಗಳಿಗೆ ಅನುಮತಿ ಕೊಡುತ್ತಾರೆ. ಹಾಕುವುದೇ ಆದರೆ ಲೇಸನ್ನೂ ಒಳಹಾಸನ್ನೂ ತೆಗೆದು, ಜಾಲರಿ ಚೀಲದಲ್ಲಿಟ್ಟು, ತಣ್ಣೀರಿನಲ್ಲಿ, ನಾಜೂಕು ಬಟ್ಟೆಯ ಪ್ರೋಗ್ರಾಂನಲ್ಲಿ, ಸ್ವಲ್ಪವೇ ದ್ರವ ಸೋಪು ಹಾಕಿ ಒಗೆಯಬೇಕು. ಸ್ಪಿನ್ ಕಡಿಮೆ ಇರಲಿ. ಡ್ರೈಯರ್ ಮಾತ್ರ ಬೇಡವೇ ಬೇಡ. ಒಳಗೆ ಪತ್ರಿಕೆಯ ಹಾಳೆ ತುರುಕಿ, ಒದ್ದೆಯಾದಂತೆ ಬದಲಿಸುತ್ತ, ನೆರಳಿನಲ್ಲಿ ಫ್ಯಾನಿನ ಕೆಳಗೆ ಒಣಗಿಸುವುದು ಒಳ್ಳೆಯದು. ಚರ್ಮದ ಶೂಗಳಿಗೆ ಇದೂ ಸಲ್ಲದು. ಓಟದ ಶೂಗಳಿಗಂತೂ ಮೆತ್ತನೆಯ ಬ್ರಷ್ಷೇ ಸಾಕು ಎಂಬುದು ನನ್ನ ಖಚಿತ ಮಾತು.

ಹಿರಿಯರು ಹಳೆಯ ಅಂಟನ್ನು ಉಜ್ಜಿ ತೆಗೆದು, ಹೊಸದನ್ನು ಎರಡೂ ಕಡೆ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಬಿಸಿ ತಾಗಿಸಿ ಒತ್ತಿದರು. ಹೊರಚಾಚಿದ ರಬ್ಬರನ್ನು ಕತ್ತರಿಸಿದರು. "ಸೋಲ್ ಇನ್ನು ಬಿಡುವುದಿಲ್ಲ. ಆದರೆ ಫೋಮಿಗೆ ನಾನೇನೂ ಮಾಡಲಾರೆ. ನಡೆಯಲಿ, ಓಟಕ್ಕೆ ಬೇಡ" ಎಂದರು. ಅವಳ 800 ಮೀಟರ್ ಓಟಕ್ಕೆ ಬೇರೆ ಜೋಡಿ ಕೊಳ್ಳಬೇಕು. ಅಣ್ಣನಿಗೆ ಹೇಳಿದ್ದೇನೆ.