ಹಾಸ್ಟೆಲ್‌ನಲ್ಲಿ ಒಬ್ಬನೇ ಉಳಿದ ದೋಸ್ತನಿಗೆ ಜೋಧಪುರದಿಂದ ಬನ್ನಿ

ದೋಸ್ತ,

ಬೆಳಿಗ್ಗೆ ಮನೆ ಮಾಲಕಿ ಅಜ್ಜಿಯ ಮೊಮ್ಮಗ ನನ್ನ ಕೈಯಲ್ಲಿದ್ದ ದಸರೆಯ ಬನ್ನಿ ಎಲೆ ನೋಡಿ, "ಅಂಕಲ್, ಇದನ್ನ ಯಾರಿಗೆ ಕೊಡ್ತೀರಿ?" ಅಂತ ಕೇಳಿದ. ಏನು ಹೇಳೋದು? ಇಲ್ಲಿ ಬನ್ನಿಗೆ ಬರವಿಲ್ಲ. ಇವರು ಖೇಜಡಿ ಅನ್ನೋದು ನಮ್ಮ ಬನ್ನಿಯನ್ನೇ, ರಾಜಸ್ಥಾನದ ರಾಜ್ಯವೃಕ್ಷ ಅದು. ಹೊಲದಲ್ಲಿ, ರಸ್ತೆ ಬದಿಯಲ್ಲಿ, ಎಲ್ಲಿ ನೋಡಿದರೂ ಅದೇ. ಆದರೆ ಬಂಗಾರ ಅಂತ ಕೈ ಚಾಚಿ ತಗೊಳ್ಳೋರು ಒಬ್ಬರೂ ಇಲ್ಲ.

ಎಲೆ ಕೊಟ್ಟದ್ದು ಆ ಅಜ್ಜಿಯೇ. ಬಿಷ್ಣೋಯಿ ಜನ ಅವರು. ನಾನು ಸುಮ್ನೆ ಒಂದು ಟೊಂಗೆ ಮುರಿಯೋಕೆ ಕೈ ಎತ್ತಿದ್ದೆ, ಓಡಿ ಬಂದು ತಡೆದರು. ಇಲ್ಲೇ ಹತ್ತಿರದ ಖೇಜಡ್ಲಿಯಲ್ಲಿ 1730ರಲ್ಲಿ ರಾಜನ ಆಳುಗಳು ಈ ಮರ ಕಡಿಯೋಕೆ ಬಂದಾಗ ಅಮೃತಾದೇವಿ ಮರ ತಬ್ಬಿ ನಿಂತು ಪ್ರಾಣ ಕೊಟ್ಟಳು, ಅವಳ ಹಿಂದೆ ಒಬ್ಬರಾದ ಮೇಲೆ ಒಬ್ಬರಂತೆ ಒಟ್ಟು 363 ಮಂದಿ ಸತ್ತರು. ಅಜ್ಜಿ ಅದನ್ನ ನಿನ್ನೆ ಮೊನ್ನೆ ನಡೆದದ್ದರ ಹಾಗೆ ಹೇಳ್ತಾರೆ. ಆಮೇಲೆ ಮರದ ಕೆಳಗೆ ಕೂತು, ಉದುರಿದ್ದರಲ್ಲಿ ಹಸಿರಾಗಿದ್ದ ಕಡ್ಡಿಗಳನ್ನೇ ಆರಿಸಿ, ಸೆರಗಿನಲ್ಲಿ ಧೂಳು ಒರೆಸಿ ನನ್ನ ಕೈಗಿಟ್ಟರು. ಅವರ ಕೈಗೇ ಎರಡು ಎಲೆ ಕೊಟ್ಟು ಕಾಲು ಮುಟ್ಟಿದೆ. ತಲೆ ಮೇಲೆ ಕೈ ಇಟ್ಟು ಮಾರವಾಡಿಯಲ್ಲಿ ಏನೋ ಹರಸಿದರು, ಪೂರ್ತಿ ತಿಳಿಯಲಿಲ್ಲ.

ಆಮೇಲೆ ಪೂಜೆ, ಅಡಿಗೆ ಅಂತ ಓಡಾಡುತ್ತಲೇ ಇದ್ದೆ, ಆದರೆ ತಲೆಯಲ್ಲಿ ಮಾತ್ರ ವಿಜಯಪುರದ ನಮ್ಮ ರೂಮು. ಹೋದ ವರ್ಷ ನಾವೆಲ್ಲ ಬ್ಯಾಗು ಹೆಗಲಿಗೇರಿಸಿ ಊರಿಗೆ ಹೊರಟಾಗ ನೀನು ಪುಸ್ತಕದಿಂದ ತಲೆ ಎತ್ತಿ "ಹೋಗಿ ಬರ್ರಿ" ಅಂದೆ, ಅಷ್ಟೇ. ಹಬ್ಬದ ದಿನ ನಾನು ಎಲ್ಲರಿಗೂ ಕಳಿಸಿದ ಫೋಟೋವನ್ನೇ ನಿನಗೂ ಕಳಿಸಿದೆ. ನೀನು ಊಟ ಮಾಡಿದೆಯಾ ಅಂತ ಒಂದು ಮಾತು ಕೇಳಲಿಲ್ಲ. ತಿರುಗಿ ಬಂದಾಗ ಮೆಟ್ಟಿಲ ಕೆಳಗೆ ನನ್ನ ಸೈಕಲ್ ನೋಡಿದೆ. ನೀನು ಚೈನಿನ ಮಣ್ಣು ತೆಗೆದು ಎಣ್ಣೆ ಬಿಟ್ಟಿದ್ದೆ. ಹ್ಯಾಂಡಲ್ಲಿಗೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ಬೆಲ್ಲಿಗೆ ದಾರದಲ್ಲಿ ಕಟ್ಟಿದ ಒಂದು ಒಣಗಿದ ಚೆಂಡು ಹೂ. ಎಲ್ಲರ ಸೈಕಲ್ಲಿಗೂ ಹಾಗೇ ಮಾಡಿದ್ದೆ. ಮೆಸ್ಸು ಬಂದ್ ಇದ್ದ ಆ ದಿನಗಳಲ್ಲಿ ನೀನು ಏನು ತಿಂದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಅಜ್ಜಿ ಎಲೆ ಒರೆಸುವಾಗ ಅದೇ ನೆನಪಾಗಿ ಗಂಟಲು ಕಟ್ಟಿತು.

ಅದಕ್ಕೇ ಈ ಸಲ ಫೋಟೋ ಬೇಡ ಅನ್ನಿಸಿತು. ಅವ್ವನಿಗೆ ಹೇಳಿದ್ದೇನೆ. ಮಧ್ಯಾಹ್ನ ಜಮಖಂಡಿ ಬಸ್ಸಿಗೆ ನಮ್ಮ ಓಣಿಯ ಹುಡುಗ ಬರ್ತಾನೆ, ಅವನ ಕೈಯಲ್ಲಿ ಡಬ್ಬಿ ಇದೆ, ಬಸ್ ಸ್ಟ್ಯಾಂಡಿಗೆ ಹೋಗಿ ಇಸ್ಕೋ. ಮೊದಲು ಕಟ್ಟಿನ ಸಾರಿನ ಮುಚ್ಚಳ ತೆಗಿ. ಬೇಳೆ ಕಟ್ಟು ಅದು, ಬಿಸಿಲಲ್ಲಿ ಮುಚ್ಚಿಕೊಂಡು ಬಂದರೆ ಬೇಗ ಕೆಡುತ್ತೆ. ಮೇಲೆ ಸಣ್ಣ ಗುಳ್ಳೆ ಎದ್ದು ಹುಳಿ ವಾಸನೆ ಬಂದರೆ ಚೆಲ್ಲಿಬಿಡು, ಅವ್ವ ಮಾಡಿದ್ದು ಅಂತ ಸಂಕೋಚ ಪಡಬೇಡ. ಚೆನ್ನಾಗಿದ್ದರೆ ಚೆನ್ನಾಗಿ ಕುದಿಸಿ ರಾತ್ರಿಗೇ ಮುಗಿಸು. ಹೋಳಿಗೆ ನಾಳೆಗೂ ಇರುತ್ತೆ, ಆದರೆ ಬಿಸಿ ಇರುವಾಗಲೇ ಒಂದರ ಮೇಲೊಂದು ಇಟ್ಟಿದ್ದರೆ ಬೆವರಿರುತ್ತೆ. ತಟ್ಟೆಯಲ್ಲಿ ಹರಡಿ ಆರಿಸಿ ಆಮೇಲೆ ಮುಚ್ಚಿಡು.

ಸಂಜೆ ಬನ್ನಿಗೆ ಹೋಗ್ತೀಯಲ್ವಾ? ಹಾಸ್ಟೆಲ್ ಹಿಂದೆ ಇರೋದು ಪೂರಾ ಬಳ್ಳಾರಿ ಜಾಲಿ, ದೂರದಿಂದ ಎಲೆ ಒಂದೇ ಥರ ಕಾಣುತ್ತೆ. ಮುಳ್ಳು ನೋಡು. ಜಾಲಿಯ ಮುಳ್ಳು ಎಲೆ ಹುಟ್ಟುವ ಗಿಣ್ಣಿನಲ್ಲೇ ಇರುತ್ತೆ, ಹೆಚ್ಚಾಗಿ ಜೋಡಿಯಾಗಿ, ಉದ್ದಕ್ಕೆ. ಬನ್ನಿಯದು ಗಿಡ್ಡ, ಬುಡ ಅಗಲ, ಗಿಣ್ಣು ಗಿಣ್ಣಿನ ನಡುವೆ ಅಲ್ಲೊಂದು ಇಲ್ಲೊಂದು. ಎಲೆಗೂ ಸ್ವಲ್ಪ ಬೂದಿ ಬಣ್ಣ. ಗುರುತು ಸಿಗದಿದ್ದರೆ ಸಿದ್ಧೇಶ್ವರ ಗುಡಿ ಕಡೆ ಹೋಗು, ಹಬ್ಬದ ದಿನ ಯಾರಾದರೂ ಕೈಗೆ ಇಟ್ಟೇ ಇಡ್ತಾರೆ.

ಒಬ್ಬನೇ ರೂಮಿಗೆ ಬಂದು ಬಾಗಿಲು ಹಾಕ್ಕೋಬೇಡ. ವಾಚ್‌ಮನ್ ಕಾಕಾನಿಗೂ ರಜೆ ಇಲ್ಲ ಇವತ್ತು. ಅವರಿಗೆ ಬನ್ನಿ ಕೊಟ್ಟು ಜೊತೆಗೇ ಊಟಕ್ಕೆ ಕೂಡಿಸ್ಕೋ, ಅವ್ವ ಇಬ್ಬರಿಗೆ ಆಗುವಷ್ಟೇ ಕಟ್ಟಿದ್ದಾಳೆ. ನನ್ನ ಪಾಲಿನದು ಇಲ್ಲಿಂದಲೇ ತಗೋ: ಬನ್ನಿ ತಗೊಂಡು ಬಂಗಾರದಂಗ ಇರೋಣು.

ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ತೇನೆ. ಹೋದ ವರ್ಷ ಏನು ತಿಂದೆ ಅಂತ ಆಗ ಹೇಳು.